ಆಯಿಯ ಕಾದಂಬರಿ: ಭಾನುವಾರದ ಮಾತುಕತೆಗೆ ಪ್ರಶ್ನೆಗಳು

ಭಾನುವಾರ ಸಂಜೆ 5ಕ್ಕೆ, ಬಿಸಿಲು ಇಳಿದ ಮೇಲೆ, ಎಂದಿನಂತೆ ನಮ್ಮ ಮನೆಯ ಪಡಸಾಲೆಯಲ್ಲಿ ಸೇರೋಣ. ಪುಸ್ತಕ ಮುಗಿಯದಿದ್ದರೂ ಬನ್ನಿ. ಒಂದೇ ವಿನಂತಿ: ಕಾದಂಬರಿಯ ಆಯಿಯಂತೆ ಗಂಡನನ್ನು ಕಳೆದುಕೊಂಡ ಮೂವರು ನಮ್ಮ ಬಳಗದಲ್ಲಿದ್ದಾರೆ. ‘ನಿಮಗೂ ಹೀಗೇ ಆಯಿತೇ?’ ಎಂದು ಯಾರೂ ಅವರ ಮುಖ ನೋಡುವುದು ಬೇಡ. ಹೇಳಬೇಕೆನಿಸಿದರೆ ಅವರೇ ಹೇಳುತ್ತಾರೆ.

1. ರೊಟ್ಟಿಯ ಬುಟ್ಟಿಯಿಂದ ಶುರು ಮಾಡೋಣ. ಗಂಡ ತೀರಿಕೊಂಡು ಎಂಟು ತಿಂಗಳಾದರೂ ಆಯಿ ದಿನವೂ ಮೊದಲಿನಷ್ಟೇ ಹಿಟ್ಟು ನಾದುತ್ತಾಳೆ. ತಿನ್ನುವುದು ಒಂದು ರೊಟ್ಟಿ. ಉಳಿದವನ್ನು ಒಲೆಯ ಬದಿಗೆ ಒರಗಿಸಿ, ಖಡಕ್ ಆದ ಮೇಲೆ ಬುಟ್ಟಿಗೆ ಹಾಕಿ ಬಟ್ಟೆ ಮುಚ್ಚುತ್ತಾಳೆ. ‘ದುಃಖ’ ಎಂಬ ಪದ ಆ ಅಧ್ಯಾಯದಲ್ಲಿ ಎಲ್ಲಿಯೂ ಇಲ್ಲ. ನಾನು ಎರಡು ಸಲ ಹುಡುಕಿದೆ. ಆ ಬುಟ್ಟಿ ನಿಮಗೆ ಏನಾಗಿ ಕಂಡಿತು? ರೂಢಿಯೇ, ಹಟವೇ, ಯಾರಾದರೂ ಬಂದಾರು ಎಂಬ ಆಸೆಯೇ? ರೊಟ್ಟಿ ಬಡಿದು ಬಲ್ಲವರು ಯಾರಾದರೂ ಆ ಪುಟವನ್ನು ಗಟ್ಟಿಯಾಗಿ ಓದಬೇಕು. ಅಂಗೈಯ ಸಪ್ಪಳ ಆ ವಾಕ್ಯಗಳಲ್ಲೇ ಕೇಳುತ್ತದೆ.

2. ಪಕ್ಕದ ಮನೆಯ ಕುಬಸದಲ್ಲಿ ಉಡಿ ತುಂಬುವ ಹೊತ್ತಿಗೆ ಆಯಿ ತಾನಾಗಿಯೇ ಎದ್ದು ಅಡುಗೆಮನೆಗೆ ಹೋಗುತ್ತಾಳೆ. ಹೋಗು ಎಂದು ಯಾರೂ ಹೇಳಲಿಲ್ಲ, ಇರು ಎಂದೂ ಹೇಳಲಿಲ್ಲ. ನನಗೆ ನಿದ್ದೆ ಕೆಡಿಸಿದ ಭಾಗ ಇದು. ನಮ್ಮ ಓಣಿಯಲ್ಲೂ ಹೀಗೆ ಎದ್ದು ಹೋದವರನ್ನು ನೋಡಿದ್ದೇವೆ, ನೋಡಿಯೂ ತಟ್ಟೆಯ ಕಡೆ ತಿರುಗಿದ್ದೇವೆ. ಹನ್ನೆರಡನೆಯ ಶತಮಾನದಲ್ಲೇ ಶರಣರು ಸೂತಕಗಳನ್ನು ಅಲ್ಲಗಳೆದ ಕಲ್ಯಾಣ ಕಲಬುರಗಿಗೆ ಎಷ್ಟು ದೂರ? ‘ಇರು’ ಎಂಬ ಒಂದು ಮಾತನ್ನು ಅಲ್ಲಿ ಯಾರು ಆಡಬೇಕಿತ್ತು? ಬಸುರಿ ಹುಡುಗಿಯೇ, ಅವಳ ಅತ್ತೆಯೇ? ಅಥವಾ ಆಯಿಯೇ ಏಳದೆ ಕುಳಿತುಬಿಡಬೇಕಿತ್ತೇ?

3. ಮಕ್ಕಳು ಮನೆ ಮಾರುವ ಕಾಗದ ತಂದಾಗ ಆಯಿ ಸಹಿಯನ್ನೂ ಹಾಕುವುದಿಲ್ಲ, ಒಲ್ಲೆ ಎಂದೂ ಅನ್ನುವುದಿಲ್ಲ. ಒದ್ದೆ ಬಟ್ಟೆ ತಂದು ಫರಸಿ ಒರೆಸತೊಡಗುತ್ತಾಳೆ. ಮಕ್ಕಳು ಕಾಲು ಎತ್ತಿ ಕೂರಬೇಕಾಗುತ್ತದೆ. ಉಯಿಲು ಬರೆಯದೆ ತೀರಿಕೊಂಡವನ ಸ್ವಂತ ಆಸ್ತಿಯಲ್ಲಿ ಹೆಂಡತಿಗೂ ಮಕ್ಕಳಷ್ಟೇ ಪಾಲು ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಹೇಳುತ್ತದೆ. ಆಯಿಗೆ ಇದು ಗೊತ್ತಿತ್ತೇ? ಗೊತ್ತಿದ್ದರೆ ಬಾಯಿ ಬಿಟ್ಟು ಹೇಳುತ್ತಿದ್ದಳೇ? ದೊಡ್ಡ ಮಗನನ್ನು ಕೆಟ್ಟವನೆನ್ನುವ ಮೊದಲು ಅವನು ಬಸ್ ನಿಲ್ದಾಣದಲ್ಲಿ ಕೂತ ಪುಟವನ್ನು ಮತ್ತೊಮ್ಮೆ ಓದಿ ಬನ್ನಿ.

4. ಮೇ ತಿಂಗಳ ಮಧ್ಯಾಹ್ನದ ಅಧ್ಯಾಯ ಕೆಲವರಿಗೆ ಉದ್ದವೆನಿಸಿದೆ. ನನಗೆ ಹಾಗೆನಿಸಲಿಲ್ಲ. ನಿಮಗೆ?

5. ಕೊನೆಯ ಪುಟದಲ್ಲಿ ಬುಟ್ಟಿ ಖಾಲಿಯಾಗಿದೆ. ರೊಟ್ಟಿ ಯಾರ ಪಾಲಾಯಿತು ಎಂದು ಲೇಖಕಿ ಹೇಳುವುದಿಲ್ಲ. ನಿಮ್ಮ ಊಹೆಯನ್ನು ಚೀಟಿಯಲ್ಲಿ ಬರೆದು ಮಡಚಿ ತನ್ನಿ. ಎಲ್ಲರೂ ಬಂದ ಮೇಲೆ ಒಟ್ಟಿಗೇ ಬಿಡಿಸೋಣ.