ತೆರಿಗೆ ಮೊತ್ತ ಅಳಿಸಿಹೋಗಿರುವ ಬಿಲ್ಲಿನ ನಕಲು ಪ್ರತಿ ಕೋರಿ ಪತ್ರ

ದಿನಾಂಕ: 12-11-2025

ಇವರಿಂದ,
ಸುಮಾ,
ಅಂತಿಮ ವರ್ಷದ ವಿದ್ಯಾರ್ಥಿನಿ,
ಎಲೆಕ್ಟ್ರಾನಿಕ್ಸ್ ವಿಭಾಗ

ಇವರಿಗೆ,
ಮಾಲೀಕರು,
ಎಲೆಕ್ಟ್ರಾನಿಕ್ಸ್ ಉಪಕರಣಗಳ ಅಂಗಡಿ

ವಿಷಯ: ಬಿಲ್ ಸಂಖ್ಯೆ 1847, ದಿನಾಂಕ 03-11-2025ರ ನಕಲು ಪ್ರತಿ ನೀಡುವ ಬಗ್ಗೆ.

ಮಾನ್ಯರೇ,

ನನ್ನ ಪ್ರಾಜೆಕ್ಟ್ ಕೆಲಸಕ್ಕೆಂದು ಈ ತಿಂಗಳ 3ರಂದು ತಮ್ಮ ಅಂಗಡಿಯಲ್ಲಿ ಒಂದು ಡಿಜಿಟಲ್ ಮಲ್ಟಿಮೀಟರ್ ಹಾಗೂ ಒಂದು ಸೋಲ್ಡರಿಂಗ್ ಐರನ್ ಖರೀದಿಸಿ, ಮೇಲ್ಕಂಡ ಸಂಖ್ಯೆಯ ಬಿಲ್ ಪಡೆದಿದ್ದೆ. ಅದೇ ದಿನ ಸಂಜೆ ಬ್ಯಾಗಿನಲ್ಲಿದ್ದ ನೀರಿನ ಬಾಟಲಿ ಸೋರಿ ಬಿಲ್ಲಿನ ಕೆಳಭಾಗ ಒದ್ದೆಯಾಯಿತು. ತಪ್ಪು ನನ್ನದೇ. ಬಿಲ್ ಸಂಖ್ಯೆ, ದಿನಾಂಕ, ವಸ್ತುಗಳ ಹೆಸರು, ಬೆಲೆ ಮತ್ತು ಒಟ್ಟು ಮೊತ್ತ ಸ್ಪಷ್ಟವಾಗಿ ಉಳಿದಿದ್ದರೂ, ತೆರಿಗೆಯ ಸಾಲಿನಲ್ಲಿ ಮಾತ್ರ ಶಾಯಿ ಹರಡಿಕೊಂಡು ಮೊದಲ ಅಂಕಿ 4 ಎಂದು ಗುರುತಾಗುತ್ತದೆಯೇ ಹೊರತು, ಅದರ ಮುಂದಿನದು 3ರಂತೆಯೂ 8ರಂತೆಯೂ ಕಾಣುತ್ತದೆ. ಕೊನೆಯ ಅಂಕಿಯ ಜಾಗದಲ್ಲಿ ಬರಿಯ ನೀಲಿ ಕಲೆಯಿದೆ.

ಈ ಖರ್ಚನ್ನು ಕಾಲೇಜು ಮರುಪಾವತಿಸುತ್ತದೆ. ಆದರೆ ತೆರಿಗೆ ಮೊತ್ತ ಓದಲು ಬಾರದ ಬಿಲ್ಲನ್ನು ಸ್ವೀಕರಿಸಲಾಗದೆಂದು ಲೆಕ್ಕಪತ್ರ ವಿಭಾಗದವರು ನಿನ್ನೆ ಹಿಂದಿರುಗಿಸಿದ್ದಾರೆ. ಒಟ್ಟು ಮೊತ್ತದಿಂದ ವಸ್ತುಗಳ ಬೆಲೆಯನ್ನು ಕಳೆದರೆ ತೆರಿಗೆ ಎಷ್ಟೆಂದು ಅಂದಾಜಿಸಬಹುದಾದರೂ, ಒಟ್ಟು ಮೊತ್ತವನ್ನು ಪೂರ್ಣಾಂಕಕ್ಕೆ ಸರಿಹೊಂದಿಸಿರುವುದರಿಂದ ಆ ಲೆಕ್ಕ ನಿಖರವಾಗುವುದಿಲ್ಲ. ಬಿಲ್ಲಿನ ಮೇಲೆ ನಾನೇ ಪೆನ್ನಿನಿಂದ ಅಂಕಿ ತಿದ್ದಿದರೆ ಅದು ತಿದ್ದುಪಡಿ ಮಾಡಿದ ದಾಖಲೆಯಾಗುತ್ತದೆ ಎಂಬ ಕಾರಣಕ್ಕೆ ಅದನ್ನು ಹೇಗಿದೆಯೋ ಹಾಗೆಯೇ ಇಟ್ಟುಕೊಂಡಿದ್ದೇನೆ.

ಆದ್ದರಿಂದ ತಮ್ಮಲ್ಲಿರುವ ದಾಖಲೆಯನ್ನು ಪರಿಶೀಲಿಸಿ ಸದರಿ ಬಿಲ್ಲನ್ನು ಮತ್ತೊಮ್ಮೆ ಮುದ್ರಿಸಿ ಕೊಡಬೇಕೆಂದು ಕೋರುತ್ತೇನೆ. ಹೊಸ ಸಂಖ್ಯೆಯಲ್ಲಿ ಹೊಸ ಬಿಲ್ ಕೊಟ್ಟರೆ ಒಂದೇ ಖರೀದಿ ಎರಡು ಮಾರಾಟಗಳಾಗಿ ದಾಖಲಾಗಿ ತಮ್ಮ ಲೆಕ್ಕಕ್ಕೂ ತೊಡಕಾದೀತು. ಹಾಗಾಗಿ ಹಳೆಯ ಸಂಖ್ಯೆ ಮತ್ತು ದಿನಾಂಕವನ್ನೇ ಉಳಿಸಿಕೊಂಡು, ಮೇಲ್ಭಾಗದಲ್ಲಿ ‘ನಕಲು ಪ್ರತಿ’ ಎಂದು ನಮೂದಿಸಿ, ಅಂಗಡಿಯ ಮೊಹರು ಮತ್ತು ಸಹಿಯೊಂದಿಗೆ ನೀಡಿದರೆ ಸಾಕು. ಮುದ್ರಿಸುವಾಗ ತೆರಿಗೆಯ ದರ ಹಾಗೂ ಮೊತ್ತ ಎರಡೂ ಕಾಣುವಂತಿರಲಿ ಎಂದು ವಿನಂತಿಸುತ್ತೇನೆ.

ಮರುಪಾವತಿ ಅರ್ಜಿ ಸಲ್ಲಿಸಲು ಇದೇ ತಿಂಗಳ 21 ಕೊನೆಯ ದಿನವಾಗಿರುವುದರಿಂದ 18ರೊಳಗೆ ಪ್ರತಿ ಸಿಕ್ಕರೆ ಅನುಕೂಲವಾಗುತ್ತದೆ. ಹಾಳಾದ ಬಿಲ್ಲಿನ ಜೆರಾಕ್ಸ್ ಪ್ರತಿಯನ್ನು ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ. ಮೂಲ ಬಿಲ್ ನನ್ನ ಬಳಿಯೇ ಇದ್ದು, ನಕಲು ಪಡೆಯಲು ಬರುವಾಗ ತರುತ್ತೇನೆ. ಅದನ್ನು ತಾವು ಹಿಂಪಡೆಯಬೇಕೆಂದಿದ್ದರೆ ಒಪ್ಪಿಸಲು ಸಿದ್ಧಳಿದ್ದೇನೆ. ಮಧ್ಯಾಹ್ನ ಮೂರು ಗಂಟೆಯ ನಂತರ ತರಗತಿಗಳಿರುವುದಿಲ್ಲವಾದ್ದರಿಂದ ಆ ಬಳಿಕ ಯಾವ ದಿನವಾದರೂ ಅಂಗಡಿಗೆ ಬರಬಲ್ಲೆ.

ವಂದನೆಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿ,
ಸುಮಾ

ಲಗತ್ತು: ಬಿಲ್ ಸಂಖ್ಯೆ 1847ರ ಜೆರಾಕ್ಸ್ ಪ್ರತಿ