ಏಳೂವರೆ ಅಡಿಯ ಪಿಕ್ಕಾಸು

ಬಿಡುಗಡೆಗೆ ಒಂದೇ ದಿನ ಬಾಕಿ. ಊಟ ಮುಗಿಸಿ ಬಂದ ಮುನೀರ್ ವಿಆರ್ ಹೆಡ್‌ಸೆಟ್ಟನ್ನು ಶ್ರಾವ್ಯಳ ಮೇಜಿನ ಮೇಲೆ ಇಟ್ಟ.

"ನೀನು ಮಾಡಿದ್ದು ಒಳಗಿಂದ ಹೇಗೆ ಕಾಣ್ತದೆ ಅಂತ ಒಮ್ಮೆ ನೋಡು. ಇಷ್ಟು ದಿನ ಮಾನಿಟರ್‌ನಲ್ಲೇ ನೋಡಿದ್ದಲ್ವಾ?"

ಕಾಸರಗೋಡು ಪೇಟೆಯ ಆ ಸಣ್ಣ ಸ್ಟುಡಿಯೋದಲ್ಲಿ ಇದ್ದದ್ದು ಒಂದೇ ಹೆಡ್‌ಸೆಟ್. ಪ್ರೋಗ್ರಾಮ್ ಬರೆಯುವ ಮುನೀರನ ಕೈಯಿಂದ ಅದು ಆಚೀಚೆ ಹೋಗಿರಲಿಲ್ಲ. ಶ್ರಾವ್ಯ ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಮುರಕಲ್ಲಿನ ಗುಡ್ಡ, ಅದರೊಳಗಿನ ನೀರಿನ ಸುರಂಗ, ನೀರು ಹರಿಸುವ ಅಡಿಕೆ ಮರದ ದಂಬೆ, ಹೊರಗಿನ ಮಣ್ಣಿನ ಟ್ಯಾಂಕಿ, ತೋಟ ಎಲ್ಲವನ್ನೂ 3ಡಿಯಲ್ಲಿ ಕಟ್ಟಿದವಳು ಅವಳೇ. ಗಡಿನಾಡಿನ ಶಾಲೆಯ ಮಕ್ಕಳು ಕ್ಲಾಸಲ್ಲೇ ಕೂತು ಸುರಂಗದೊಳಗೆ ಹೋಗಿ ಬರಬೇಕು ಅನ್ನುವುದು ಯೋಜನೆ. ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆ ಈಗಲೂ ಸುರಂಗದ ನೀರನ್ನೇ ನಂಬಿದ ಮನೆಗಳಿವೆ. ಆದರೆ ಒಳಗೆ ಕಾಲಿಟ್ಟ ಮಕ್ಕಳು ಕಡಿಮೆ.

ಶ್ರಾವ್ಯ ಹೆಡ್‌ಸೆಟ್ ಹಾಕಿಕೊಂಡಳು. ಸುರಂಗದ ಬಾಯಿ ಎದುರಿಗೆ ಬಂತು. ಒಳಗೆ ಹೋದಳು.

ಎರಡು ಮೊಣಕೈ ಅಗಲಿಸಿದಳು. ಗೋಡೆ ಸಿಗಲಿಲ್ಲ. ತಲೆ ಎತ್ತಿದಳು. ಮೇಲಿನ ಕಲ್ಲು ಎಲ್ಲೋ ಎತ್ತರದಲ್ಲಿತ್ತು.

ಬಾಯಾರಿನ ಅಜ್ಜನ ಮನೆಯ ಹಿಂದೆ ಒಂದು ಸುರಂಗವಿದೆ. ಚಿಕ್ಕವಳಿದ್ದಾಗ ಅಜ್ಜನ ಬೆನ್ನ ಹಿಂದೆ ಅದರೊಳಗೆ ಹೋಗುತ್ತಿದ್ದಳು. ಅಜ್ಜನ ಎರಡೂ ಭುಜ ಕಲ್ಲಿಗೆ ಉಜ್ಜುತ್ತಿತ್ತು. ಎದುರಿನಿಂದ ಒಬ್ಬರು ಬಂದರೆ ಇಬ್ಬರಲ್ಲಿ ಒಬ್ಬರು ಹಿಂದೆ ಹಿಂದೆ ನಡೆದು ಹೊರಗೆ ಬರಬೇಕಿತ್ತು. ಇಲ್ಲಿ ಆಟೋರಿಕ್ಷಾವೇ ಹೋಗಬಹುದು.

ಗೋಡೆಗೆ ಒರಗಿಸಿದ್ದ ಪಿಕ್ಕಾಸಿನ ಹತ್ತಿರ ಹೋದಳು. ಹಿಡಿ ಅವಳ ತಲೆಗಿಂತ ಎಷ್ಟೋ ಮೇಲೆ ಹೋಗಿತ್ತು.

"ಮುನೀರಣ್ಣ, ನಿಮಗೆ ಇದು ದೊಡ್ಡದು ಅನ್ನಿಸ್ಲಿಲ್ವಾ?"

"ಸುರಂಗ ಅಂದ್ರೆ ರೈಲಿನ ಸುರಂಗದ ಹಾಗೆ ಅಂತ ತಿಳ್ಕೊಂಡಿದ್ದೆ. ನಾನು ಬೇರೆ ನೋಡಿದ್ದೆಲ್ಲಿ? ಯಾವಾಗಲೂ ಕುರ್ಚಿಯಲ್ಲಿ ಕೂತೇ ಟೆಸ್ಟ್ ಮಾಡಿದ್ದು."

ಅವಳು ಅಜ್ಜನಿಗೆ ಫೋನ್ ಮಾಡಿದಳು.

"ಅಜ್ಜ, ನಮ್ಮ ಸುರಂಗ ಎಷ್ಟು ಅಗಲ ಉಂಟು?"

"ಎರಡು ಅಡಿ. ಎಂತಕೆ?"

"ಅದಕ್ಕಿಂತ ಅಗಲ ಮಾಡುವುದಿಲ್ವಾ?"

"ಒಬ್ಬ ಕೂತು ಅಗೆಯುವಷ್ಟು ಜಾಗ ಸಾಕು. ಜಾಸ್ತಿ ಅಗೆದರೆ ಆ ಮಣ್ಣೆಲ್ಲ ಹೊರುವವರು ಯಾರು ಮಗಾ?"

ಎರಡು ಅಡಿ ಅಂದರೆ ಹೆಚ್ಚುಕಮ್ಮಿ ಅರುವತ್ತು ಸೆಂಟಿಮೀಟರ್. ಅವಳು ಮಾಡೆಲ್‌ನಲ್ಲಿ ಹಾಕಿದ್ದೂ ಅದನ್ನೇ. ಆ್ಯಪ್ ಕಟ್ಟುವ ಯೂನಿಟಿ ಸಾಫ್ಟ್‌ವೇರ್‌ನಲ್ಲಿ ಸೀನ್ ತೆರೆದು ಸುರಂಗದ ಬಾಯಲ್ಲಿ ಒಂದು ಕ್ಯೂಬ್ ಇಟ್ಟಳು. ಯೂನಿಟಿಯ ಕ್ಯೂಬ್ ಸರಿಯಾಗಿ ಒಂದು ಮೀಟರ್. ಅದು ಬಾಯಿಯೊಳಗೆ ಆರಾಮವಾಗಿ ಕೂತಿತು, ಪಕ್ಕದಲ್ಲಿ ಇನ್ನೂ ಅರ್ಧ ಮೀಟರ್ ಖಾಲಿ. ಅಗಲ 1.524 ಮೀಟರ್. ತೊಂಬತ್ತು ಸೆಂಟಿಮೀಟರ್ ಇರಬೇಕಾದ ಪಿಕ್ಕಾಸಿನ ಹಿಡಿ 2.286 ಮೀಟರ್. ದಂಬೆ, ಟ್ಯಾಂಕಿ, ಅಡಿಕೆ ಮರ, ಒಂದೊಂದನ್ನೇ ಅಳೆದು ತಾನು ಹಾಕಿದ ಅಳತೆಯಿಂದ ಭಾಗಿಸಿದಳು. ಪ್ರತಿ ಸಲವೂ ಉತ್ತರ 2.54.

ಆ ಸಂಖ್ಯೆ ಶಾಲೆಗೆ ಹೋದ ಎಲ್ಲರಿಗೂ ಗೊತ್ತು. ಒಂದು ಇಂಚಿಗೆ 2.54 ಸೆಂಟಿಮೀಟರ್.

ಮಾಡೆಲ್ ಮಾಡಿದ ಸಾಫ್ಟ್‌ವೇರ್ 3ಡಿಎಸ್ ಮ್ಯಾಕ್ಸ್ ತೆರೆದು Units Setup ನೋಡಿದಳು. Display Unit ಜಾಗದಲ್ಲಿ Generic Units. ಅಂದರೆ ಪರದೆಯಲ್ಲಿ ಬರೀ 60 ಅಂತ ಕಾಣುತ್ತದೆ, ಎಂಥ ಅರುವತ್ತು ಅಂತ ಕಾಣುವುದಿಲ್ಲ. ಒಳಗಿನ System Unit ಒತ್ತಿದಳು. ಅಲ್ಲಿತ್ತು: 1 Unit = 1.0 Inches. ಅವಳು ಸೆಂಟಿಮೀಟರ್ ಅಂತ ಬರೆದ ಪ್ರತಿಯೊಂದನ್ನೂ ಮ್ಯಾಕ್ಸ್ ಇಂಚು ಅಂತ ಓದಿತ್ತು. ಎಕ್ಸ್‌ಪೋರ್ಟ್ ಆದ ಎಫ್‌ಬಿಎಕ್ಸ್ ಫೈಲುಗಳೆಲ್ಲ ಹಾಗೇ ಹೊರಗೆ ಬಂದಿದ್ದವು. ಎಲ್ಲವೂ ಒಂದೇ ಪ್ರಮಾಣದಲ್ಲಿ ದೊಡ್ಡದಾದ್ದರಿಂದ ಮಾನಿಟರ್‌ನಲ್ಲಿ ಯಾರಿಗೂ ಏನೂ ಕಾಣಲಿಲ್ಲ. ಆರಂಭದ ಖಾಲಿ ಫೈಲ್ ಸ್ಟುಡಿಯೋದ್ದೇ. ಸೇರಿದ ದಿನ ಅದನ್ನು ಕೊಟ್ಟು, ಇದರಲ್ಲೇ ಶುರು ಮಾಡು ಅಂದಿದ್ದರು.

ಅವಳು ಕ್ಯಾಬಿನ್‌ಗೆ ಹೋಗಿ ನವೀನ್ ಸರ್‌ಗೆ ನೇರವಾಗಿ ಹೇಳಿದಳು. "ಸರ್, ಎಲ್ಲ ಮಾಡೆಲ್‌ಗಳೂ ಎರಡೂವರೆ ಪಟ್ಟು ದೊಡ್ಡದಿವೆ."

ನವೀನ್ ಎದ್ದು ಬಂದರು. ಕ್ಯೂಬ್ ನೋಡಿದರು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮುನೀರ್ ನಡುವೆ ಬಾಯಿ ಹಾಕಿದ. "ಅಯ್ಯೋ, ಹಾಗಾದ್ರೆ ನೀರಿನ ಹನಿ ಕೂಡ ಇದಕ್ಕೇ!" ಮೇಲಿಂದ ಬೀಳುವ ಹನಿಗಳು ತೇಲಿದ ಹಾಗೆ ನಿಧಾನ ಬೀಳುತ್ತಿದ್ದವು. ಅವನು ಕಣ್ಣಳತೆಯಲ್ಲೇ ಗ್ರಾವಿಟಿಯನ್ನು ಮೈನಸ್ 9.81ರಿಂದ ಮೈನಸ್ 25ಕ್ಕೆ ಏರಿಸಿದ್ದ. ಶ್ರಾವ್ಯ ಕ್ಯಾಲ್ಕುಲೇಟರ್ ಒತ್ತಿದಳು. 9.81 ಗುಣಿಸು 2.54. 24.9.

"ಹಾಗಾದ್ರೆ ಸುಲಭ," ಅಂದರು ನವೀನ್. "ಮಾಡೆಲ್ ಮುಟ್ಟುವುದು ಬೇಡ. ನೋಡುವವನನ್ನೇ ದೊಡ್ಡ ಮಾಡುವ. ಕ್ಯಾಮೆರಾ ರಿಗ್‌ಗೆ 2.54 ಸ್ಕೇಲ್ ಕೊಡು ಮುನೀರ್. ಹತ್ತು ನಿಮಿಷದ ಕೆಲಸ."

ಅದು ಸುಳ್ಳಲ್ಲ. ಹಾಗೆ ಮಾಡಿದ್ದರೆ ಹೆಡ್‌ಸೆಟ್‌ನಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಮುನೀರ್ ಆಗಲೇ ಕುರ್ಚಿ ಎಳೆದುಕೊಂಡಿದ್ದ.

"ಸರ್," ಶ್ರಾವ್ಯಳ ಗಂಟಲು ಒಣಗಿತ್ತು. "ನಾಳೆ ಆ್ಯಪ್ ಒಂದೇ ಅಲ್ಲ, ಮಾಡೆಲ್ ಫೈಲುಗಳನ್ನೂ ಉಚಿತವಾಗಿ ಹಾಕ್ತೇವೆ ಅಂದಿದ್ದೇವೆ. ಯಾರಾದರೂ ಆ ಪಿಕ್ಕಾಸು ಇಳಿಸಿಕೊಂಡರೆ ಹಿಡಿ ಏಳೂವರೆ ಅಡಿ ಇರ್ತದೆ. ಆಟೋರಿಕ್ಷಾ ಹೋಗುವ ಸುರಂಗ ಇರ್ತದೆ. ಸುರಂಗ ನೋಡದವರು ಅದನ್ನೇ ನಂಬ್ತಾರೆ. ಮುನೀರಣ್ಣ ನಂಬಿದ್ರಲ್ಲ."

ನವೀನ್ ಗಡಿಯಾರ ನೋಡಿದರು. ಮೂರು ಗಂಟೆ ದಾಟಿತ್ತು. "ಬೆಳಗ್ಗೆ ಹತ್ತಕ್ಕೆ ಅಪ್‌ಲೋಡ್ ಆಗಬೇಕು. ಆಗ್ತದಾ?"

"ಆಗ್ತದೆ."

ಫೈಲುಗಳನ್ನು ತಿದ್ದುವುದು ಅವಳ ಪಾಲು. ಒಂದೊಂದನ್ನೂ ತೆರೆಯಬೇಕು, System Unit ಅನ್ನು Centimeters ಮಾಡಬೇಕು, ಮತ್ತೆ ಎಕ್ಸ್‌ಪೋರ್ಟ್ ಮಾಡಬೇಕು. 60 ಅನ್ನುವುದು 60 ಆಗಿಯೇ ಉಳಿಯುತ್ತದೆ, ಇಂಚು ಹೋಗಿ ಸೆಂಟಿಮೀಟರ್ ಆಗುತ್ತದೆ. ಹಳೆಯ ಹೆಸರಿನಲ್ಲೇ ಸೇವ್ ಮಾಡಿದ್ದರಿಂದ ಯೂನಿಟಿ ತಾನೇ ಬದಲಾಯಿಸಿಕೊಂಡಿತು. ಆದರೆ ವಸ್ತುಗಳು ಕುಗ್ಗಿದವು, ಇದ್ದ ಜಾಗ ಕುಗ್ಗಲಿಲ್ಲ. ತೋಟದಲ್ಲಿ ಅಡಿಕೆ ಮರಗಳು ಪುಟ್ಟದಾಗಿ ದೂರ ದೂರ ನಿಂತವು. ದಂಬೆಗೂ ಟ್ಯಾಂಕಿಗೂ ಸಂಬಂಧವೇ ಇಲ್ಲ. ಮುನೀರ್ ಎರಡು ಸಾಲು ಬರೆದ.

```csharp
foreach (Transform t in root)
    t.localPosition /= 2.54f;
```

ಎಲ್ಲವೂ ಸರಿದು ಬಂದು ಒಂದಕ್ಕೊಂದು ಕೂಡಿಕೊಂಡವು. ದೀಪಗಳ ರೇಂಜ್ ಮಾತ್ರ ಹಳೆಯದೇ ಉಳಿದು ಸುರಂಗದ ಕೊನೆಯವರೆಗೂ ಬೆಳಕು ಚೆಲ್ಲಿತ್ತು. ಅದನ್ನು ಕೈಯಿಂದಲೇ ಇಳಿಸಿದರು. ಗ್ರಾವಿಟಿ ಮತ್ತೆ 9.81ಕ್ಕೆ ಬಂತು. ಹನಿಗಳು ಟಪ್ ಅಂತ ಸರಿಯಾಗಿ ಬಿದ್ದವು.

ಉಳಿದದ್ದು ಲೈಟ್‌ಮ್ಯಾಪ್ ಬೇಕಿಂಗ್, ಅಂದರೆ ಬೆಳಕು ನೆರಳನ್ನು ಮೊದಲೇ ಲೆಕ್ಕ ಹಾಕಿ ಇಡುವುದು. ಜಾಗ ಕುಗ್ಗಿದಾಗ ನೆರಳಿನ ಸೂಕ್ಷ್ಮತೆಯೂ ಕುಗ್ಗುತ್ತದೆ, ಹಾಗಾಗಿ ರೆಸಲ್ಯೂಶನ್ ಅನ್ನು ಅದೇ ಲೆಕ್ಕದಲ್ಲಿ ಏರಿಸಬೇಕು. ಇದನ್ನು ಮರೆತಿದ್ದರೆ ಮುರಕಲ್ಲಿನ ತೂತುಗಳ ನೆರಳೆಲ್ಲ ಮಸುಕಾಗುತ್ತಿತ್ತು. ಶ್ರಾವ್ಯ ಆ ಕಲ್ಲಿನ ಮೇಲೆ ವಾರಗಟ್ಟಲೆ ಕೂತಿದ್ದಳು, ಮರೆಯುವ ಮಾತೇ ಇರಲಿಲ್ಲ. ರಾತ್ರಿ ಎಂಟಕ್ಕೆ ಬೇಕ್ ಶುರುವಾಯಿತು. ಹೊರಗೆ ಜೋರು ಮಳೆ. ಕರೆಂಟ್ ಹೋದರೆ ಇನ್ವರ್ಟರ್ ಎರಡು ಗಂಟೆ ತಾಳುತ್ತದೆ ಅಷ್ಟೆ. ನವೀನ್ ಪರೋಟ ತಂದರು. ಮನೆಗೆ ಫೋನ್ ಮಾಡಿ ಅವಳ ಅಮ್ಮನ ಹತ್ತಿರ ತಾವೇ ಮಾತಾಡಿದರು.

ಮೂರು ಗಂಟೆಗೆ ಬೇಕ್ ಮುಗಿಯಿತು. ಕರೆಂಟ್ ಹೋಗಿದ್ದು ಒಂದೇ ಸಲ, ಅದೂ ಹತ್ತು ನಿಮಿಷ.

ಮುನೀರ್ ಹೆಡ್‌ಸೆಟ್ ಹಾಕಿ ಈ ಸಲ ನಿಂತುಕೊಂಡ. ಸುರಂಗದ ಬಾಯಿಗೆ ಬರುತ್ತಲೇ ತನಗೆ ತಾನೇ ತಲೆ ತಗ್ಗಿಸಿದ. ಭುಜ ಒಳಕ್ಕೆ ಎಳೆದುಕೊಂಡ.

"ಇಷ್ಟು ಇಕ್ಕಟ್ಟಾ? ಇದರೊಳಗೆ ಮನುಷ್ಯರು ಅಗೆದದ್ದಾ?"

"ಹೌದು. ಇನ್ನೂ ಮುಂದೆ ಹೋಗಿ, ಬಲಕ್ಕೆ ತಿರುಗುವಲ್ಲಿ ಪಿಕ್ಕಾಸು ಉಂಟು."

ಒಂಬತ್ತೂಮುಕ್ಕಾಲಕ್ಕೆ ಆ್ಯಪ್ ಮತ್ತು ಫೈಲುಗಳು ಎರಡೂ ಅಪ್‌ಲೋಡ್ ಆದವು. ಆಮೇಲೆ ನವೀನ್ ಸ್ಟುಡಿಯೋದ ಆ ಖಾಲಿ ಫೈಲನ್ನು ಶ್ರಾವ್ಯಳ ಕೈಯಲ್ಲೇ ತೆರೆಸಿ ಯೂನಿಟ್ ಬದಲಾಯಿಸಲು ಹೇಳಿದರು. ಅವಳು ಬದಲಾಯಿಸಿದಳು. ಜೊತೆಗೆ ಅದರ ಮೂಲೆಯಲ್ಲಿ ಒಂದು ಮೀಟರ್ ಉದ್ದದ ಕೋಲೊಂದನ್ನು ಮಾಡಿ ಇಟ್ಟು, ಸೇವ್ ಮಾಡಿ, ಮನೆಗೆ ಹೋಗುವ ಬಸ್ಸು ಹಿಡಿದಳು.