ಜಯಕ್ಕನಿಗೆ: ಒಕ್ಕಲಿಗೆ ಬರಲು ಆಗುವುದಿಲ್ಲ

ಜಯಕ್ಕಾ,

ಮೊದಲು ವಿಷಯ ಹೇಳಿಬಿಡುತ್ತೇನೆ, ಆಮೇಲೆ ಉಳಿದದ್ದು. ನಿಮ್ಮ ಹೊಸ ಮನೆಯ ಒಕ್ಕಲಿಗೆ ಹೊಸೂರಿಗೆ ಬರಲು ನನಗೆ ಆಗುವುದಿಲ್ಲ. ಹಿಂದಿನ ದಿನ ಶನಿವಾರ ಸಂಜೆಯ ವಾಲಿವಧೆ ತಾಳಮದ್ದಳೆಗೂ ಇಲ್ಲ. ತಾರೆಯ ಅರ್ಥಕ್ಕೆ ಬೇರೆಯವರನ್ನು ಹೇಳಬೇಕು. ಅದಕ್ಕೆ ಒಬ್ಬರನ್ನು ನೋಡಿ ಇಟ್ಟಿದ್ದೇನೆ, ಕೆಳಗೆ ಬರೆದಿದ್ದೇನೆ.

ನೀವು ಕಾರ್ಡ್ ಕಳಿಸಿದ್ದು ಜೂನ್ ಕೊನೆಗೆ. ನಾನು ಅವತ್ತೇ ನೋಡಿದ್ದೆ. ನಿಮ್ಮ ವಾಯ್ಸ್ ಮೆಸೇಜೂ ಕೇಳಿದ್ದೆ, ಹಿಂದೆ ಭಾವ "ಸುಮತಿಗೆ ಹೇಳು, ಸಬೂಬು ಬೇಡ" ಅಂತ ಕೂಗಿದ್ದೂ ಕೇಳಿಸಿತ್ತು. ಅಡಿಕೆ ತೋಟಕ್ಕೆ ಮದ್ದು ಬಿಡುವವರು ಯಾವಾಗ ಬರುತ್ತಾರೆ ಅಂತ ಗೊತ್ತಾಗಲಿ, ಆಮೇಲೆ ಬರೆಯೋಣ ಅಂದುಕೊಂಡೆ. ಆಮೇಲೆ ಶಾಲೆಯ ಪರೀಕ್ಷೆಯ ಪಟ್ಟಿ ಬರಲಿ ಅಂದುಕೊಂಡೆ. ಅಷ್ಟರಲ್ಲಿ ವಾರಗಳು ಕಳೆದು, ಇಷ್ಟು ತಡವಾಗಿ ಏನಂತ ಬರೆಯುವುದು ಅನ್ನುವುದೇ ಬರೆಯದೆ ಇರಲು ಕಾರಣವಾಯಿತು. ತಡ ಮಾಡಿದ್ದಕ್ಕೆ ಕ್ಷಮಿಸಿ. ಇದನ್ನು ಒಂದೇ ಸಲ ಹೇಳುತ್ತೇನೆ, ಯಾಕೆಂದರೆ ಉದ್ದಕ್ಕೂ ಇದನ್ನೇ ಬರೆಯುತ್ತಾ ಹೋದರೆ ಕೊನೆಗೆ ಒಕ್ಕಲಿನ ಕೆಲಸ ಬಿಟ್ಟು ನೀವೇ ಫೋನ್ ಮಾಡಿ ನನ್ನನ್ನು ಸಮಾಧಾನ ಮಾಡಬೇಕಾಗುತ್ತದೆ. ಜ್ವರ ಇತ್ತು, ಫೋನ್ ಹಾಳಾಗಿತ್ತು ಅಂತೆಲ್ಲ ಹೇಳುವುದಿಲ್ಲ. ಫೋನ್ ಸರಿ ಇತ್ತು. ನಿಮ್ಮ ಮನೆಯ ಟೈಲ್ಸಿನ ಫೋಟೋಕ್ಕೆ ನಾನು ಹೂವು ಒತ್ತಿದ್ದನ್ನು ನೀವೂ ನೋಡಿರುತ್ತೀರಿ.

ಬಾರದಿರಲು ಕಾರಣ ಇಷ್ಟೇ. ನಿಮ್ಮಲ್ಲಿ ಆಡಿ ತಿಂಗಳು ಬಿಟ್ಟು ಮುಹೂರ್ತ ಇಟ್ಟಿದ್ದೀರಿ, ಸರಿಯೇ. ಆದರೆ ನಿಮ್ಮ ಆಡಿ ಅಂದರೆ ನಮ್ಮ ಆಟಿಯೇ ಅಲ್ವಾ? ಆಟಿಯಲ್ಲಿ ಇಲ್ಲಿಯೂ ಯಾರೂ ಒಳ್ಳೆಯ ಕಾರ್ಯ ಇಟ್ಟುಕೊಳ್ಳುವುದಿಲ್ಲ, ಹಾಗಾಗಿ ತಡೆದು ಇಟ್ಟದ್ದೆಲ್ಲ ಸೋಣ ಹುಟ್ಟಿದ ಕೂಡಲೇ ಒಟ್ಟಿಗೆ ಬೀಳುತ್ತದೆ, ಅದರ ಮೇಲೆ ನಮಗೆ ಕೇರಳದ ಶಾಲೆಯವರಿಗೆ ಓಣಂ ಪರೀಕ್ಷೆಯೂ ಅದೇ ಹೊತ್ತಿಗೆ. ನಿಮ್ಮ ಒಕ್ಕಲಿನ ಮರುದಿನ ಸೋಮವಾರ ಬೆಳಗ್ಗೆ ಹತ್ತನೆಯ ಕ್ಲಾಸಿಗೆ ಕನ್ನಡ ಪರೀಕ್ಷೆ. ನಾನು ಇರಲೇಬೇಕು. ಕನ್ನಡ ಮೀಡಿಯಂನಲ್ಲಿ ನಾವು ಎಷ್ಟು ಜನ ಇದ್ದೇವೆ ಅಂತ ನಿಮಗೆ ಗೊತ್ತು, ಒಬ್ಬಳು ರಜೆ ಹಾಕಿದರೆ ಇನ್ನೊಬ್ಬಳು ಎರಡು ಕೋಣೆಗೆ ಓಡಬೇಕು.

ಇನ್ನೊಂದು ತೋಟ. ಎರಡನೆಯ ಮದ್ದು ಜುಲೈಯಲ್ಲೇ ಆಗಬೇಕಿತ್ತು. ಮೊದಲನೆಯದು ಬಿಟ್ಟು ನಲವತ್ತು ನಲವತ್ತೈದು ದಿನಕ್ಕೆ ಎರಡನೆಯದು ಬೀಳದಿದ್ದರೆ ಕೊಳೆರೋಗ ಕಾಯುವುದಿಲ್ಲ. ಈ ವರ್ಷ ಮಳೆ ಬಿಡುವೇ ಕೊಡಲಿಲ್ಲ. ಎಳೆ ಅಡಿಕೆ ಬುಡದಲ್ಲಿ ಬಿದ್ದಿರುವುದನ್ನು ಬೆಳಗ್ಗೆ ಹೆಕ್ಕುವಾಗ ಹೊಟ್ಟೆ ಉರಿಯುತ್ತದೆ. ಮದ್ದು ಬಿಡುವವರು ಈಗ ಫೈಬರ್ ದೋಟಿ ಹಿಡಿದು ನೆಲದಿಂದಲೇ ಬಿಡುತ್ತಾರೆ, ಮರ ಹತ್ತುವ ಕಷ್ಟ ಇಲ್ಲ, ಆದರೆ ಜನವೇ ಇಲ್ಲ. ಒಂದು ಗುಂಪು ಇಡೀ ಊರಿಗೆ. ಎರಡು ದಿನ ಬಿಸಿಲು ಬಂದರೆ ಯಾರ ಸರದಿಯೋ ಅವರ ತೋಟ. ನಮ್ಮ ಸರದಿ ಆ ವಾರದಲ್ಲೇ ಬರುತ್ತದೆ ಅಂದಿದ್ದಾರೆ, ದಿನ ಹೇಳಲಿಲ್ಲ, ಹೇಳುವುದೂ ಇಲ್ಲ.

ಮನೆಯವರು ಇದ್ದಾರಲ್ಲಾ ಅಂತ ನೀವು ಕೇಳುತ್ತೀರಿ. ಇದ್ದಾರೆ. ಆದರೆ ಮೈಲುತುತ್ತು, ಸುಣ್ಣ ಕಲಸುವುದು ನಾನು. ಒಂದು ಕಿಲೋ ತುತ್ತನ್ನು ಐವತ್ತು ಲೀಟರಿನಲ್ಲಿ, ಒಂದು ಕಿಲೋ ಸುಣ್ಣವನ್ನು ಇನ್ನೈವತ್ತು ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸಬೇಕು. ಹೊಳೆಯುವ ಕತ್ತಿ ಅದ್ದಿ ನೋಡಬೇಕು, ಅದಕ್ಕೆ ಕೆಂಪು ಹಿಡಿದರೆ ಇನ್ನೂ ಸುಣ್ಣ ಬೇಕು ಅಂತ. ನಮ್ಮವರಿಗೆ ಆ ತಾಳ್ಮೆ ಇಲ್ಲ, ಕಣ್ಣಂದಾಜಿನಲ್ಲಿ ಸುರಿಯುತ್ತಾರೆ. ಹಿಂದಿನ ದಿನ ಕಲಸಿ ಇಟ್ಟು ಹೊರಡೋಣ ಅಂದರೆ ಅದೂ ಆಗುವುದಿಲ್ಲ, ಕಲಸಿದ್ದನ್ನು ಅವತ್ತೇ ಮುಗಿಸಬೇಕು.

ಆದರೂ ನಿಜ ಹೇಳುತ್ತೇನೆ ಜಯಕ್ಕಾ. ಹಠ ಹಿಡಿದರೆ ಬರಬಹುದು. ಶುಕ್ರವಾರ ಸಂಜೆ ಕಾಸರಗೋಡಿನಲ್ಲಿ ಬೆಂಗಳೂರಿನ ರೈಲು ಹತ್ತಿ, ಘಾಟಿಯಲ್ಲಿ ಮಣ್ಣು ಜರಿಯದಿದ್ದರೆ ಬೆಳಗ್ಗೆ ಇಳಿದು, ಅಲ್ಲಿಂದ ನಿಮ್ಮ ಹೊಸೂರಿಗೆ ಬಸ್ಸು, ರಾತ್ರಿಯವರೆಗೆ ಅರ್ಥ, ಭಾನುವಾರ ಊಟ ಮಾಡಿದ ಕೈ ತೊಳೆದು ಮತ್ತೆ ರೈಲು, ಸೋಮವಾರ ಸೀದಾ ಪರೀಕ್ಷೆಯ ಕೋಣೆ. ಹೀಗೆ ಮಾಡಿದವರು ಇದ್ದಾರೆ. ನಾನೂ ಮಾಡಿದ್ದೇನೆ, ಈಗ ಬೇಡ ಅನಿಸುತ್ತದೆ. ಪೂರ್ತಿ ಆಗುವುದೇ ಇಲ್ಲ ಅಂತ ಹೇಳಿದರೆ ನೀವು ಒಂದೊಂದೇ ಅಡ್ಡಿಗೆ ದಾರಿ ಹುಡುಕುತ್ತೀರಿ, ಭಾವ ಟಿಕೆಟೇ ಮಾಡಿ ಕಳಿಸುತ್ತಾರೆ. ಹಾಗಾಗಿ ಸ್ಪಷ್ಟವಾಗಿ ಬರೆದದ್ದು: ದಾರಿ ಇದ್ದರೂ ಈ ಸಲ ಬರುವುದಿಲ್ಲ ಅಂತ ತೀರ್ಮಾನ ಮಾಡಿದ್ದೇನೆ. ಬೇಸರ ಆದರೆ ಆಗಲಿ, ಬೈಯಬೇಕು ಅನಿಸಿದರೆ ಬೈಯಿರಿ. ಒಳಗೆ ಬೇರೆ ಏನೋ ಇದೆ, ಯಾವುದೋ ಮಾತಿಗೆ ಕೋಪ ಬಂದಿದೆ ಅಂತ ಮಾತ್ರ ಹುಡುಕಬೇಡಿ. ಏನೂ ಇಲ್ಲ.

ಈಗ ತಾಳಮದ್ದಳೆಯ ವಿಷಯ. ನಿಜವಾಗಿ ನಿಮಗೆ ತೊಂದರೆ ಆಗುವುದು ಇಲ್ಲಿ, ಊಟದ ಎಲೆ ಒಂದು ಕಡಿಮೆ ಆದರೆ ಏನೂ ಆಗುವುದಿಲ್ಲ. ನೀರ್ಚಾಲಿನ ನಮ್ಮ ವಿಜಯ ಈಗ ಬೆಂಗಳೂರಿನಲ್ಲೇ ಇದ್ದಾಳೆ, ಜೆ.ಪಿ. ನಗರದಲ್ಲಿ. ನಮ್ಮ ಮಹಿಳಾ ಸಂಘದಲ್ಲಿ ಇರುವಾಗ ವಾಲಿವಧೆಗೆ ಅವಳು ತಾರೆ ಮಾಡಿದ್ದಾಳೆ, ಸುಗ್ರೀವನೂ ಮಾಡಿದ್ದಾಳೆ. ನಿನ್ನೆ ಕೇಳಿದೆ. ಶನಿವಾರ ಮಧ್ಯಾಹ್ನದ ಮೇಲೆ ಬಿಡುವಿದೆ, ಮನೆಯವರು ಕರೆದರೆ ಖಂಡಿತ ಬರುತ್ತೇನೆ ಅಂದಳು. ನಾನು ಹೇಳಿದ್ದರಿಂದ ಬರುವುದಲ್ಲ, ನೀವೇ ಫೋನ್ ಮಾಡಿ ಕರೆಯಬೇಕು, ಅದು ಸರಿ ತಾನೆ. ನಂಬರ್ ಬೇರೆ ಕಳಿಸಿದ್ದೇನೆ. ಇವತ್ತೇ ಮಾಡಿ. ಭಾಗವತರಿಗೂ ಇವತ್ತೇ ಹೇಳಿ, ಅರ್ಥಧಾರಿ ಬದಲಾದದ್ದು ಅವರಿಗೆ ಕೂತಲ್ಲಿ ಗೊತ್ತಾಗಬಾರದು.

ಅವಳಿಗೂ ಹೇಳಿದ್ದೇನೆ, ನಿಮಗೂ ಹೇಳುತ್ತೇನೆ: ಹೊತ್ತಾಯಿತು ಅಂತ ತಾರೆಯ ಭಾಗ ಹಾರಿಸಬೇಡಿ. ಎಲ್ಲ ಕಡೆ ಅದನ್ನೇ ಮಾಡುತ್ತಾರೆ, ವಾಲಿ ಸುಗ್ರೀವರ ಜಗಳಕ್ಕೆ ಒಂದು ಗಂಟೆ, ರಾಮ ವಾಲಿಯರ ವಾದಕ್ಕೆ ಇನ್ನೊಂದು ಗಂಟೆ, ನಡುವೆ ತಾರೆ ಬಂದು ಹೋಗಬೇಡಿ ಅಂತ ಅತ್ತು ಒಳಗೆ ಹೋಗುವುದು. ಆದರೆ ಆ ಪ್ರಸಂಗದಲ್ಲಿ ಸರಿಯಾಗಿ ಲೆಕ್ಕ ಹಾಕಿದವಳು ಅವಳೊಬ್ಬಳೇ. ಆಗಷ್ಟೇ ಪೆಟ್ಟು ತಿಂದು ಓಡಿದವನು ಇಷ್ಟು ಬೇಗ ತಿರುಗಿ ಬಂದು ಗರ್ಜಿಸಬೇಕಾದರೆ ಅವನ ಹಿಂದೆ ಯಾರೋ ಇದ್ದಾರೆ ಅಂತ ಅವಳಿಗೆ ಹೊಳೆಯುತ್ತದೆ. ಅಂಗದನಿಗೆ ಗೂಢಚಾರರು ತಂದ ಸುದ್ದಿಯೂ ಅವಳಿಗೆ ಗೊತ್ತು. ರಾಮ ಲಕ್ಷ್ಮಣರು ಸುಗ್ರೀವನ ಸ್ನೇಹ ಮಾಡಿದ್ದಾರೆ, ತಮ್ಮನ ಹತ್ತಿರ ಸಂಧಾನ ಮಾಡಿಕೊಳ್ಳಿ, ಇದು ಅವಳ ಮಾತು. ಅಳುವುದು ಅಲ್ಲ, ಮಂತ್ರಾಲೋಚನೆ. ಅಲ್ಲಿ ವಾಲಿಯ ಅರ್ಥಧಾರಿ "ಹೆಂಗಸಿನ ಬುದ್ಧಿ" ಅಂತ ಎರಡು ಮಾತಿನಲ್ಲಿ ತಳ್ಳಿಹಾಕಿ ಜನರನ್ನು ನಗಿಸಲು ನೋಡುತ್ತಾನೆ, ಅಲ್ಲಿ ವಿಜಯ ಬಿಡುವವಳಲ್ಲ. ನನಗಿಂತ ಅವಳ ನಾಲಿಗೆ ಚೂಪು. ವಾಲಿ ಬಿದ್ದ ಮೇಲೆ, ನನ್ನನ್ನೂ ಅದೇ ಬಾಣದಿಂದ ಕೊಲ್ಲು ಅಂತ ತಾರೆ ರಾಮನಿಗೆ ಹೇಳುವ ಭಾಗ ಇದೆಯಲ್ಲ, ಅದನ್ನು ಬೇಕಾದರೆ ಚಿಕ್ಕದು ಮಾಡಬಹುದು. ಮಾರನೆಯ ದಿನ ಒಕ್ಕಲು, ಮನೆಯಲ್ಲಿ ಅಷ್ಟು ಅಳು ಬೇಡ ಅಂತ ನಿಮ್ಮ ಅತ್ತೆ ಹೇಳಿದರೂ ಹೇಳಿಯಾರು. ಆಗ ವಾಲಿವಧೆಯನ್ನೇ ಯಾಕೆ ಆರಿಸಿದಿರಿ ಅಂತ ಕೇಳಬೇಕು ಅಂತಿದ್ದೆ. ಭಾವನಿಗೆ ವಾಲಿ ಮಾಡುವ ಆಸೆ, ಅಷ್ಟೇ ಅಲ್ವಾ?

ನೀವು ನನಗೋಸ್ಕರ ಇಟ್ಟ ಮೇಲಿನ ಕೋಣೆ ಯಾರಿಗಾದರೂ ಕೊಟ್ಟುಬಿಡಿ. ಕಾಸರಗೋಡು, ಪುತ್ತೂರು ಕಡೆಯಿಂದ ಬರುವ ಪ್ರಾಯದವರು ಇರುತ್ತಾರೆ, ಮೆಟ್ಟಿಲು ಆಗದವರಿಗೆ ಕೆಳಗೆ, ಉಳಿದವರಿಗೆ ಅದು. ಸ್ಟೇಷನ್ನಿಗೆ ಗಾಡಿ ಕಳಿಸುವ ಪಟ್ಟಿಯಲ್ಲಿ ನನ್ನ ಹೆಸರು ಇದ್ದರೆ ತೆಗೆಯಿರಿ.

ನಮ್ಮ ಅಣ್ಣನ ಮಗ ಬೆಂಗಳೂರಿಗೆ ಕೆಲಸಕ್ಕೆ ಹೋಗುವವನು ಮುಂದಿನ ವಾರ ಹೊರಡುತ್ತಾನೆ. ಅವನ ಕೈಯಲ್ಲಿ ಹಲಸಿನ ಹಪ್ಪಳ ನಾಲ್ಕು ಕಟ್ಟು, ನಿಮಗೊಂದು ಸೀರೆ ಕಳಿಸುತ್ತೇನೆ. ಬಾರದ್ದಕ್ಕೆ ದಂಡ ಅಂತ ತಿಳಿಯಬೇಡಿ, ಬಂದಿದ್ದರೂ ಇದೇ ತರುತ್ತಿದ್ದೆ. ಹಪ್ಪಳ ಮೇ ತಿಂಗಳಲ್ಲಿ ಒಣಗಿಸಿದ್ದು, ಚೆನ್ನಾಗಿದೆ, ಆದರೂ ಬಂದ ಕೂಡಲೇ ಒಂದು ಬಿಸಿಲು ತೋರಿಸಿ. ಅವನು ಹೊಸೂರಿನವರೆಗೆ ಬರುವುದು ಸಂಶಯ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇರುತ್ತಾನೆ, ಭಾವ ಆ ಕಡೆ ಹೋಗುವಾಗ ಇಸ್ಕೊಳ್ಳಲಿ.

ಮುಂದೆ ಯಾವಾಗ ಬರುತ್ತೇನೆ ಅಂತ ಕೇಳುತ್ತೀರಿ. ದಸರೆಗೆ ಅಂತ ಬರೆದು ಅಳಿಸಿದೆ. ಕೇರಳದ ದಸರೆ ರಜೆ ನಿಮಗೆ ಗೊತ್ತಲ್ಲ, ಪುಸ್ತಕ ಪೂಜೆಗಿಟ್ಟು ತೆಗೆಯುವಷ್ಟರಲ್ಲಿ ಮುಗಿಯುತ್ತದೆ. ಕ್ರಿಸ್‌ಮಸ್‌ಗೆ ಸ್ವಲ್ಪ ಉದ್ದ ಸಿಗುತ್ತದೆ, ಆಗ ಅಡಿಕೆ ಕೊಯ್ಲೂ ಇರುತ್ತದೆ. ಹಾಗಾಗಿ ಈಗ ತಾರೀಕು ಕೊಡುವುದಿಲ್ಲ. ಕೊಟ್ಟರೆ ಇನ್ನೊಂದು ಇಂಥದೇ ಪತ್ರ ಬರೆಯಬೇಕಾದೀತು. ಜನ ಎಲ್ಲ ಹೋಗಿ ಮನೆ ಮನೆಯ ಹಾಗೆ ಆದ ಮೇಲೆ ಬಂದು ಎರಡು ದಿನ ನಿಲ್ಲಬೇಕು ಅಂತ ಆಸೆ ಇದೆ. ಚಂದ್ರಚೂಡೇಶ್ವರನ ಬೆಟ್ಟಕ್ಕೆ ಹೋಗಬೇಕು, ನೀವು ಹೇಳುವ ಆ ಗುಲಾಬಿ ತೋಟಗಳನ್ನೂ ನೋಡಬೇಕು. ಹಾಸ್ಟೆಲಿನಲ್ಲಿ ಕೂತು ಮಾತಾಡಿದ ಹಾಗೆ ಒಕ್ಕಲಿನ ಗಡಿಬಿಡಿಯಲ್ಲಿ ನಮಗೆ ಮಾತಾಡಲೂ ಆಗುತ್ತಿರಲಿಲ್ಲ, ನೀವು ಸೆರಗು ಸಿಕ್ಕಿಸಿ ಅಡುಗೆಯವರ ಹಿಂದೆ ಓಡುತ್ತಿರುತ್ತಿದ್ದಿರಿ.

ಇದಕ್ಕೆ ಉದ್ದ ಉತ್ತರ ಬರೆಯಲು ಈಗ ನಿಮಗೆ ಪುರುಸೊತ್ತು ಇರುವುದಿಲ್ಲ. ನೋಡಿದೆ ಅಂತ ಒಂದು ಮಾತು ಹಾಕಿ, ವಿಜಯನಿಗೆ ಫೋನ್ ಮಾಡಿದಿರೋ ಇಲ್ಲವೋ ಅಷ್ಟು ತಿಳಿಸಿದರೆ ಸಾಕು. ಒಕ್ಕಲು ಚೆನ್ನಾಗಿ ಆಗಲಿ. ಹಾಲು ಉಕ್ಕಿಸುವಾಗ ಒಂದು ವೀಡಿಯೋ ಯಾರ ಹತ್ತಿರವಾದರೂ ಹೇಳಿ ಮಾಡಿಸಿ. ಭಾವನ ವಾಲಿಯದ್ದು ಪೂರ್ತಿ ರೆಕಾರ್ಡ್ ಬೇಕು, ಎಷ್ಟು ಉದ್ದ ಇದ್ದರೂ ಕೇಳುತ್ತೇನೆ, ಉತ್ತರ ಕೊಡುವುದು ಮಾತ್ರ ಪರೀಕ್ಷೆಯ ಪೇಪರ್ ನೋಡಿ ಮುಗಿಸಿದ ಮೇಲೆ.

ಸುಮತಿ
ಬದಿಯಡ್ಕ